ನಿವೃತ್ತ ಶಿಕ್ಷಕರ ಬ್ಲಾಗ್‌ಗೆ ಯಾವ ವೇದಿಕೆ? ಒಂದೇ ಲೇಖನ ಇಟ್ಟುಕೊಂಡು ಆರಿಸುವ ಬಗೆ

"ನಿವೃತ್ತಿಯಾಗಿದೆ. ವಾರಕ್ಕೊಂದು ಲೇಖನ ಬರೆಯಬೇಕೆಂದಿದ್ದೇನೆ. ತಾಂತ್ರಿಕ ತಲೆನೋವು ಬೇಡ. ಯಾವುದರಲ್ಲಿ ಶುರು ಮಾಡಲಿ?" ಶಿಕ್ಷಕರಿಂದಲೂ ಅವರ ಮಕ್ಕಳಿಂದಲೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೆಚ್ಚಿನವರು ಮೊದಲು ನೋಡುವುದು ವೇದಿಕೆಯ ಅಂದಚಂದ. ಯಾವ ವಿನ್ಯಾಸ ಚೆನ್ನಾಗಿದೆ, ಯಾವುದರಲ್ಲಿ ಬಣ್ಣಗಳು ಹೆಚ್ಚಿವೆ ಎಂದು ಹೋಲಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ. ಆದರೆ ಬರೆಯುವುದನ್ನು ನಿಲ್ಲಿಸಿದವರನ್ನು ಕೇಳಿ ನೋಡಿ, ಯಾರೂ ಬಣ್ಣದ ಕಾರಣ ಹೇಳುವುದಿಲ್ಲ. ಹಾಕಿದ ಲೇಖನದಲ್ಲಿ ತಪ್ಪು ತಿದ್ದಲು ಬರಲಿಲ್ಲ, ಲಿಂಕ್ ಕಳಿಸಿದರೆ ಓದುಗರಿಗೆ ತೆರೆಯಲಿಲ್ಲ, ಪಾಸ್‌ವರ್ಡ್ ಮೊಮ್ಮಗನ ಹತ್ತಿರ ಇತ್ತು, ಇಂಥವನ್ನೇ ಹೇಳುತ್ತಾರೆ. ಆದ್ದರಿಂದ ನನ್ನ ಸಲಹೆ ಇಷ್ಟು: ನಿಮ್ಮದೇ ಒಂದು ಲೇಖನವನ್ನು ಎರಡು ವೇದಿಕೆಗಳಲ್ಲಿ ಹಾಕಿ, ತಿದ್ದಿ, ಓದುಗರಿಗೆ ತಲುಪಿಸಿ, ಕೊನೆಗೆ ಹೊರಗೆ ತೆಗೆದು ನೋಡಿ. ಈ ನಾಲ್ಕೂ ಕೆಲಸ ಯಾರ ಸಹಾಯವೂ ಇಲ್ಲದೆ ಎಲ್ಲಿ ನಡೆಯುತ್ತದೋ ಅದೇ ನಿಮ್ಮ ವೇದಿಕೆ. ಇದಕ್ಕೆ ಒಂದು ಮಧ್ಯಾಹ್ನ ಸಾಕು.

ಬೇಕಾಗುವುದು: ನಿಮ್ಮ ಹೆಸರಿನಲ್ಲೇ ಇರುವ ಒಂದು ಇಮೇಲ್ ಖಾತೆ, ನೀವು ನಿಜವಾಗಿ ಬರೆದ ಒಂದು ಲೇಖನ, ಅದಕ್ಕೆ ಹೊಂದುವ ಒಂದೆರಡು ಚಿತ್ರ, ಮತ್ತು ಲಿಂಕ್ ಕಳಿಸಿದರೆ ತೆರೆದು ನೋಡಿ ಇದ್ದದ್ದನ್ನು ಇದ್ದಂತೆ ಹೇಳುವ ಇಬ್ಬರು ಪರಿಚಿತರು.

1. ಓದುಗರು ಯಾವ ದಾರಿಯಿಂದ ಬರುತ್ತಾರೆ, ಮೊದಲು ಅದನ್ನು ಬರೆದುಕೊಳ್ಳಿ

ನಿಮ್ಮ ಮೊದಲ ಓದುಗರು ಯಾರೆಂಬುದು ನಿಮಗೆ ಈಗಾಗಲೇ ಗೊತ್ತು. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಬಂಧುಗಳು. ಇವರಲ್ಲಿ ಹೆಚ್ಚಿನವರು ವಾಟ್ಸಾಪ್‌ನಲ್ಲಿ ನೀವು ಕಳಿಸುವ ಲಿಂಕ್ ಒತ್ತಿ ಓದುವವರೋ, ಅಥವಾ ದಿನವೂ ಇಮೇಲ್ ತೆರೆದು ನೋಡುವವರೋ? ಆಯ್ಕೆಯ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ.

ಲಿಂಕ್ ಒತ್ತಿ ಬರುವವರಿಗೆ ಪುಟ ತಕ್ಷಣ ತೆರೆಯಬೇಕು. ನಡುವೆ ಖಾತೆ ತೆರೆಯಿರಿ, ಇಮೇಲ್ ಕೊಡಿ ಎಂಬ ಅಡ್ಡಿ ಇರಬಾರದು. ಇಮೇಲ್ ಓದುವವರಿಗಾದರೆ ಲೇಖನವೇ ಅವರ ಅಂಚೆಪೆಟ್ಟಿಗೆಗೆ ಹೋಗಬೇಕು. ಎರಡನ್ನೂ ಒಂದೇ ವೇದಿಕೆ ಸಮನಾಗಿ ಚೆನ್ನಾಗಿ ಮಾಡುವುದಿಲ್ಲ. ಹಾಗಾಗಿ ಹೆಚ್ಚು ಜನ ಇರುವ ದಾರಿಗೇ ಆದ್ಯತೆ ಕೊಡಿ.

2. ಪಟ್ಟಿಯನ್ನು ಮೂರಕ್ಕೆ ಇಳಿಸಿ

ವೇದಿಕೆಗಳು ಹತ್ತಾರಿವೆ. ತಾಂತ್ರಿಕ ಕೆಲಸ ಬೇಡ ಎನ್ನುವವರು ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್, ಸಬ್‌ಸ್ಟ್ಯಾಕ್ ಈ ಮೂರನ್ನು ನೋಡಿದರೆ ಸಾಕು.

ಬ್ಲಾಗರ್ 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದ ಹಳೆಯ ವೇದಿಕೆ. ಜಿಮೇಲ್ ಇದ್ದರೆ ಬೇರೆ ಖಾತೆ ಬೇಡ. ನೀವಾಗಿ ಹಾಕಿಸಿಕೊಳ್ಳದ ಹೊರತು ಜಾಹೀರಾತು ಬರುವುದಿಲ್ಲ. ನಿಮ್ಮ ವಿಳಾಸದ ಕೊನೆಯಲ್ಲಿ `blogspot.com` ಇರುತ್ತದೆ. ವರ್ಷಗಳಿಂದ ಇದರ ರೂಪ ಹೆಚ್ಚೇನೂ ಬದಲಾಗಿಲ್ಲ. ಕೆಲವರು ಇದನ್ನು ದೋಷ ಎನ್ನುತ್ತಾರೆ. ಪ್ರತಿ ಆರು ತಿಂಗಳಿಗೊಮ್ಮೆ ಗುಂಡಿಗಳ ಜಾಗ ಬದಲಾಗದಿರುವುದು ನಿಮಗೆ ಅನುಕೂಲವೇ ಎಂದು ನನ್ನ ಅನಿಸಿಕೆ. ದೊಡ್ಡ ಕೊರತೆಯೆಂದರೆ ಇಮೇಲ್. ಬ್ಲಾಗರ್ ಬರಹಗಳನ್ನು ಓದುಗರಿಗೆ ಇಮೇಲ್‌ನಲ್ಲಿ ಕಳಿಸುತ್ತಿದ್ದ ಫೀಡ್‌ಬರ್ನರ್ ಸೌಲಭ್ಯವನ್ನು ಗೂಗಲ್ 2021ರಲ್ಲಿ ನಿಲ್ಲಿಸಿತು. ಅದರ ಜಾಗಕ್ಕೆ ಬೇರೇನನ್ನೂ ತರಲಿಲ್ಲ.

ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಉಚಿತ ಯೋಜನೆಯಲ್ಲೇ ಇಮೇಲ್ ಚಂದಾ ಇದೆ, ವಿನ್ಯಾಸಗಳೂ ನೋಡಲು ಚೆನ್ನಾಗಿವೆ. ಆದರೆ ಉಚಿತವಾಗಿ ಇಟ್ಟುಕೊಂಡರೆ ನಿಮ್ಮ ಬರಹದ ಪಕ್ಕದಲ್ಲಿ ಅವರ ಜಾಹೀರಾತುಗಳು ಬರುತ್ತವೆ. ಅವು ಯಾವುವು ಎಂಬುದು ನಿಮ್ಮ ಕೈಯಲ್ಲಿಲ್ಲ. ಇನ್ನು ಬರೆಯುವ ಪರದೆ. ಅಲ್ಲಿ ಪ್ರತಿ ಪ್ಯಾರಾ, ಪ್ರತಿ ಚಿತ್ರ ಒಂದೊಂದು ಬಿಡಿ ಚೌಕವಾಗಿರುತ್ತದೆ. ಅದನ್ನು 'ಬ್ಲಾಕ್' ಎನ್ನುತ್ತಾರೆ. ಉದ್ದ ಹಾಳೆಯ ಮೇಲೆ ಬರೆದು ಅಭ್ಯಾಸವಿದ್ದವರಿಗೆ ಇದು ಕೈಗೆ ಹತ್ತಲು ಸ್ವಲ್ಪ ಕಾಲ ಹಿಡಿಯುತ್ತದೆ.

ಸಬ್‌ಸ್ಟ್ಯಾಕ್ 2017ರಲ್ಲಿ ಬಂದದ್ದು. ಇದು ಮೂಲತಃ ಇಮೇಲ್ ಪತ್ರಿಕೆ. ನೀವು ಪ್ರಕಟಿಸಿದ ಲೇಖನ ಚಂದಾದಾರರ ಇಮೇಲ್‌ಗೆ ಹೋಗುತ್ತದೆ, ಜೊತೆಗೆ ಜಾಲದಲ್ಲೂ ಉಳಿಯುತ್ತದೆ. ಬರೆಯುವ ಪರದೆ ಮೂರರಲ್ಲೂ ಸ್ವಚ್ಛವಾದದ್ದು. ಚಂದಾ ಉಚಿತವಾಗಿಟ್ಟರೆ ನೀವು ಏನೂ ಕೊಡಬೇಕಿಲ್ಲ. ಚಂದಾಹಣ ಪಡೆಯಲು ಶುರುಮಾಡಿದರೆ ಅದರಲ್ಲಿ ಶೇಕಡಾ 10 ಅವರು ಇಟ್ಟುಕೊಳ್ಳುತ್ತಾರೆ. ಇಲ್ಲಿನ ಕಿರಿಕಿರಿಯೆಂದರೆ, ಸುಮ್ಮನೆ ಲಿಂಕ್ ಒತ್ತಿ ಬಂದವರ ಮುಂದೆಯೂ ಇಮೇಲ್ ಕೊಡಿ ಎನ್ನುವ ಪೆಟ್ಟಿಗೆ ಬಂದು ನಿಲ್ಲುತ್ತದೆ. ಅದನ್ನು ದಾಟಿ ಹೋಗಬಹುದೆಂದು ಗೊತ್ತಿಲ್ಲದವರು ಅಲ್ಲಿಂದಲೇ ವಾಪಸಾಗುತ್ತಾರೆ.

ಇನ್ನು ಬಿಟ್ಟವುಗಳ ಬಗ್ಗೆ. ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಎರಡು ವಸ್ತುಗಳಿವೆ, ಈ ಗೊಂದಲದಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. `wordpress.com` ಎಲ್ಲವನ್ನೂ ತಾನೇ ನೋಡಿಕೊಳ್ಳುವ ಸೇವೆ. `wordpress.org` ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದಕ್ಕೆ ಜಾಗ, ಅಂದರೆ ಹೋಸ್ಟಿಂಗ್, ನೀವು ಬಾಡಿಗೆಗೆ ಪಡೆಯಬೇಕು. ಅದನ್ನು ಅಪ್‌ಡೇಟ್ ಮಾಡುವುದು, ಬ್ಯಾಕಪ್ ತೆಗೆಯುವುದು, ದಾಳಿಯಾದರೆ ಸರಿಪಡಿಸುವುದು ಎಲ್ಲ ನಿಮ್ಮ ಹೊಣೆ. "ನಾನೇ ಮಾಡಿಕೊಡ್ತೀನಿ ಸರ್" ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಮುಂದೆ ಬಂದರೆ, ಸಾಮಾನ್ಯವಾಗಿ ಅವರು ಹೇಳುವುದು ಈ ಎರಡನೆಯದನ್ನೇ. ಅವರಿಗೆ ಕೆಲಸದ ಒತ್ತಡ ಹೆಚ್ಚಾದ ದಿನ ನಿಮ್ಮ ತಾಣ ಅಪ್‌ಡೇಟ್ ಇಲ್ಲದೆ ಹಾಗೇ ನಿಂತುಬಿಡುತ್ತದೆ. ವಿನಯದಿಂದಲೇ ಬೇಡವೆನ್ನಿ.

ಮೀಡಿಯಂ ಬರೆಯಲು ಹಿತವಾಗಿದೆ. ಆದರೆ ಓದುಗರಿಗೆ ಲಾಗಿನ್ ಆಗಿ ಎಂದು ಒತ್ತಾಯಿಸುತ್ತದೆ. ಫೇಸ್‌ಬುಕ್‌ನಲ್ಲಿ ಓದುಗರು ಬೇಗ ಸಿಗುತ್ತಾರೆ ನಿಜ. ಆದರೆ ಎರಡು ವರ್ಷದ ಹಿಂದಿನ ಲೇಖನವನ್ನು ಹುಡುಕಿ ತೆಗೆಯುವುದು ಬರೆದವರಿಗೇ ಕಷ್ಟ. ಅಲ್ಲಿ ಲೇಖನದ ಲಿಂಕ್ ಹಂಚಿ, ಲೇಖನವನ್ನೇ ಅಲ್ಲಿಡಬೇಡಿ.

ಮೊದಲ ಹಂತದಲ್ಲಿ ಬರೆದುಕೊಂಡದ್ದನ್ನು ಈಗ ನೋಡಿ. ಲಿಂಕ್ ಒತ್ತುವ ಓದುಗರು ಹೆಚ್ಚಿದ್ದರೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್ ಎರಡನ್ನು ಪರೀಕ್ಷಿಸಿ. ಇಮೇಲ್ ಓದುವವರು ಹೆಚ್ಚಿದ್ದರೆ ಸಬ್‌ಸ್ಟ್ಯಾಕ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್.

3. ಖಾತೆ ನಿಮ್ಮದೇ ಆಗಿರಲಿ, ವಿಳಾಸ ಸದ್ಯಕ್ಕೆ ತಾತ್ಕಾಲಿಕವಾಗಿರಲಿ

ಮಗ, ಮಗಳು, ಸೊಸೆ, ಯಾರು ಪಕ್ಕದಲ್ಲಿ ಕೂತು ಸಹಾಯ ಮಾಡಿದರೂ ಸರಿ, ಖಾತೆ ಮಾತ್ರ ನಿಮ್ಮ ಇಮೇಲ್‌ನಲ್ಲೇ ತೆರೆಯಬೇಕು. ಮರೆತರೆ ಮರಳಿ ಪಡೆಯಲು ಕೊಡುವ ಫೋನ್ ಸಂಖ್ಯೆಯೂ ನಿಮ್ಮದೇ ಇರಲಿ. ಬೇರೆಯವರ ಖಾತೆಯಲ್ಲಿ ತೆರೆದ ಬ್ಲಾಗ್‌ನಲ್ಲಿ ಒಂದು ಅಲ್ಪವಿರಾಮ ತಿದ್ದುವುದಕ್ಕೂ ಅವರ ಬಿಡುವು ಕಾಯಬೇಕಾಗುತ್ತದೆ.

ಪರೀಕ್ಷೆಗೆಂದು ತೆರೆಯುವ ಬ್ಲಾಗ್‌ಗೆ ನಿಮಗೆ ಇಷ್ಟವಾದ ವಿಳಾಸ ಕೊಡಬೇಡಿ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೂ ಒಮ್ಮೆ ಶಾಶ್ವತವಾಗಿ ಅಳಿಸಿದ ಬ್ಲಾಗ್‌ನ ಉಚಿತ ವಿಳಾಸ ಮತ್ತೆ ಬಳಕೆಗೆ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ತಮ್ಮ ಹೆಸರಿನ ವಿಳಾಸವನ್ನೇ ಕಳೆದುಕೊಂಡವರಿದ್ದಾರೆ. ಸದ್ಯಕ್ಕೆ ಹೆಸರಿನ ಮುಂದೆ 'trial' ಎಂದೋ ಏನೋ ಸೇರಿಸಿ ತೆರೆಯಿರಿ.

4. ಪರೀಕ್ಷೆಗೆ ಒಂದು ಲೇಖನ ಸಿದ್ಧಮಾಡಿ

"ನಮಸ್ಕಾರ, ಇದು ಪರೀಕ್ಷೆ" ಎಂದು ಒಂದು ಸಾಲು ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಉಪಶೀರ್ಷಿಕೆ, ಚಿತ್ರ, ಒಂದು ಪದ್ಯದ ಸಾಲು, ಒಂದಷ್ಟು ಒತ್ತಕ್ಷರ ಎಲ್ಲ ಇರುವ ನಿಜವಾದ ಲೇಖನವೇ ಬೇಕು.

ಇಲ್ಲಿ ಹಳೆಯ ಫೈಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಅಲ್ಲದಿರುವ ಸಾಧ್ಯತೆ ಹೆಚ್ಚು. ಯೂನಿಕೋಡ್ ಎಂದರೆ ಯಾವ ಕಂಪ್ಯೂಟರ್‌ನಲ್ಲೂ ಯಾವ ಫೋನ್‌ನಲ್ಲೂ ಕನ್ನಡವನ್ನು ಕನ್ನಡವಾಗಿಯೇ ತೋರಿಸುವ ಅಕ್ಷರ ಸಂಕೇತಗಳ ವ್ಯವಸ್ಥೆ. ಹಳೆಯ ವಿಧಾನದಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡ ಅಕ್ಷರಶೈಲಿ ಹೊದಿಸಿರುತ್ತದೆ ಅಷ್ಟೆ. ನಿಮ್ಮ ಫೈಲ್ ಯಾವ ಬಗೆಯದೆಂದು ತಿಳಿಯಲು ಒಂದು ಪ್ಯಾರಾ ನಕಲು ಮಾಡಿ ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡ ಕಂಡರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿ ಮತ್ತು ಬರಹದೊಳಗೇ ಇದಕ್ಕೆ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಿ, ಹೆಚ್ಚು ತಪ್ಪು ಉಳಿಯುವುದು ಅಲ್ಲೇ.

ಎರಡನೆಯದು ಅಂಟಿಸುವ ರೀತಿ. ವರ್ಡ್ ಫೈಲಿನಿಂದ ನಕಲು ಮಾಡಿ ನೇರವಾಗಿ ಅಂಟಿಸಿದರೆ ಅಲ್ಲಿನ ಅಕ್ಷರದ ಗಾತ್ರ, ಬಣ್ಣ, ಸಾಲುಗಳ ಅಂತರ ಎಲ್ಲವೂ ಕಣ್ಣಿಗೆ ಕಾಣದಂತೆ ಜೊತೆಗೇ ಬರುತ್ತವೆ. ಕಂಪ್ಯೂಟರ್‌ನಲ್ಲಿ ಸರಿಯಾಗಿ ಕಂಡದ್ದು ಫೋನ್‌ನಲ್ಲಿ ಒಂದು ಪ್ಯಾರಾ ದೊಡ್ಡದು, ಇನ್ನೊಂದು ಪುಟ್ಟದು ಎಂಬಂತೆ ಕಾಣುತ್ತದೆ. ಅಂಟಿಸುವಾಗ `Ctrl + V` ಬದಲು `Ctrl + Shift + V` ಒತ್ತಿ. ಆಗ ಅಕ್ಷರಗಳು ಮಾತ್ರ ಬರುತ್ತವೆ. ಉಪಶೀರ್ಷಿಕೆಗಳನ್ನು ಆಮೇಲೆ ವೇದಿಕೆಯ ಪರದೆಯಲ್ಲೇ ಗುರುತಿಸಿ.

5. ನಾಲ್ಕು ಕೆಲಸ ಮಾಡಿ ನೋಡಿ

*ಹಾಕುವುದು.* ಶೀರ್ಷಿಕೆ ಬರೆದು, ಲೇಖನ ಅಂಟಿಸಿ, ಚಿತ್ರ ಸೇರಿಸಿ, 'Preview' ಒತ್ತಿ ನೋಡಿ. ಪ್ರಕಟಿಸುವ ಮೊದಲು ಒಂದು ಕಡೆ ನಿಲ್ಲಬೇಕು, ಅದು ಲೇಖನದ ವಿಳಾಸ. ಪ್ರತಿ ಲೇಖನಕ್ಕೂ ಒಂದು ಸ್ವಂತ ವಿಳಾಸ ಇರುತ್ತದೆ, ಬ್ಲಾಗರ್ ಅದನ್ನು 'Permalink' ಎನ್ನುತ್ತದೆ. ಶೀರ್ಷಿಕೆಯಿಂದಲೇ ಅದು ತಾನಾಗಿ ತಯಾರಾಗುತ್ತದೆ. ಆದರೆ ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್‌ಗೆ ಅದನ್ನು ಬಳಸಲು ಬರುವುದಿಲ್ಲ. ಮೊದಲ ಲೇಖನಕ್ಕೆ `blog-post.html` ಎಂದು ಕೊಟ್ಟು, ಮುಂದಿನವಕ್ಕೆ ಅದೇ ಹೆಸರಿಗೆ ಅಂಕಿ ಅಂಟಿಸುತ್ತಾ ಹೋಗುತ್ತದೆ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನು ಉಳಿಸಿಕೊಳ್ಳುತ್ತದೆ. ಆದರೆ ನಕಲು ಮಾಡಿ ಕಳಿಸಿದಾಗ ಅದು `%e0%b2` ಎಂಬಂಥ ತುಣುಕುಗಳ ಉದ್ದ ಸರಪಳಿಯಾಗಿ ಮೂರು ನಾಲ್ಕು ಸಾಲು ತುಂಬಿಬಿಡುತ್ತದೆ. ಅದನ್ನು ನೋಡಿದವರು ವೈರಸ್ ಇರಬಹುದೆಂದು ಒತ್ತುವುದೇ ಇಲ್ಲ.

ಎರಡಕ್ಕೂ ಮದ್ದು ಒಂದೇ. ಬ್ಲಾಗರ್‌ನಲ್ಲಿ ಬಲಗಡೆಯ 'Permalink' ತೆರೆದು 'Custom permalink' ಆರಿಸಿ. ವರ್ಡ್‌ಪ್ರೆಸ್‌ನಲ್ಲಿ 'Slug' ಎಂಬ ಜಾಗ ಹುಡುಕಿ. ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗ ಬಿಡದೆ, ಪದಗಳ ನಡುವೆ ಅಡ್ಡಗೆರೆ ಹಾಕಿ ಚಿಕ್ಕ ಹೆಸರು ಬರೆಯಿರಿ.

```
hakki-goodu
```

ಇದನ್ನು ಪ್ರಕಟಿಸುವ ಮೊದಲೇ ಮಾಡಬೇಕು. ಲಿಂಕ್ ಹಂಚಿದ ಮೇಲೆ ವಿಳಾಸ ಬದಲಿಸಿದರೆ ಹಂಚಿದ ಲಿಂಕ್ ಕೆಲಸ ಮಾಡದೆ ಹೋಗಬಹುದು.

*ತಿದ್ದುವುದು.* ಪ್ರಕಟಿಸಿ, ಕಂಪ್ಯೂಟರ್ ಮುಚ್ಚಿ, ಬೇಕೆಂದೇ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಫೋನ್ ತೆಗೆದುಕೊಂಡು, ಯಾರನ್ನೂ ಕೇಳದೆ, ಲೇಖನದ ನಡುವಿನ ಒಂದು ಪದ ತಿದ್ದಿ. ಇದು ನಾಲ್ಕರಲ್ಲೂ ಅತಿ ಮುಖ್ಯವಾದ ಪರೀಕ್ಷೆ. ಬರೆಯುವುದು ಮೇಜಿನ ಮುಂದೆ ಕೂತು. ತಪ್ಪು ಕಣ್ಣಿಗೆ ಬೀಳುವುದು ಮಾತ್ರ ಯಾರೋ ಫೋನ್ ಮಾಡಿ ಹೇಳಿದಾಗ. ಒಳಗೆ ಹೋಗುವ ದಾರಿ ಎಲ್ಲಿದೆ, ಹಳೆಯ ಲೇಖನಗಳ ಪಟ್ಟಿ ಎಲ್ಲಿದೆ, ತಿದ್ದಿದ ಮೇಲೆ ಯಾವ ಗುಂಡಿ ಒತ್ತಬೇಕು, ಇವು ತಾವಾಗಿ ಸಿಕ್ಕವೇ ನೋಡಿ.

ಬ್ಲಾಗರ್‌ನಲ್ಲಿ ಪ್ರಕಟವಾದ ಲೇಖನವನ್ನು ತಿದ್ದಿದ ಮೇಲೆ 'Update' ಒತ್ತಬೇಕು. ಪಕ್ಕದಲ್ಲೇ 'Revert to draft' ಎಂದೂ ಇರುತ್ತದೆ. ಅದನ್ನು ಒತ್ತಿದರೆ ಲೇಖನ ಓದುಗರ ಕಣ್ಣಿಂದ ಮರೆಯಾಗಿ ಕರಡು ಸ್ಥಿತಿಗೆ ಹೋಗುತ್ತದೆ. "ನನ್ನ ಲೇಖನವೇ ಮಾಯವಾಗಿದೆ" ಎಂಬ ದೂರುಗಳಲ್ಲಿ ಹಲವು ಇದೇ. ಲೇಖನ ಅಳಿದಿರುವುದಿಲ್ಲ. ಕರಡುಗಳ ಪಟ್ಟಿಯಲ್ಲಿ ಇರುತ್ತದೆ, ಮತ್ತೆ ಪ್ರಕಟಿಸಿದರಾಯಿತು.

ಇಮೇಲ್ ಕಳಿಸುವ ವೇದಿಕೆಗಳಲ್ಲಿ ತಿದ್ದುಪಡಿಗೆ ಒಂದು ಮಿತಿಯಿದೆ. ಜಾಲದಲ್ಲಿರುವ ಪ್ರತಿ ತಿದ್ದಬಹುದು, ಆದರೆ ಓದುಗರ ಅಂಚೆಪೆಟ್ಟಿಗೆಗೆ ಹೋದದ್ದು ಹೋಯಿತು. ಎರಡನೇ ಸಲ ಓದುವಾಗಲೇ ತಪ್ಪುಗಳು ಕಾಣುವ ಸ್ವಭಾವ ನಿಮ್ಮದಾದರೆ ಸಬ್‌ಸ್ಟ್ಯಾಕ್‌ನಲ್ಲಿ ಲೇಖನವನ್ನು ಮೊದಲು ನಿಮಗೇ ಪರೀಕ್ಷಾ ಇಮೇಲ್ ಆಗಿ ಕಳಿಸಿಕೊಂಡು ಓದಿ, ನಂತರ ಪ್ರಕಟಿಸಿ.

*ತಲುಪಿಸುವುದು.* ಆ ಇಬ್ಬರು ಪರಿಚಿತರಿಗೆ ಲಿಂಕ್ ಕಳಿಸಿ. ಒಬ್ಬರು ಹೊಸ ತಂತ್ರಜ್ಞಾನ ಬಲ್ಲವರು, ಇನ್ನೊಬ್ಬರು ನಿಮ್ಮ ವಯಸ್ಸಿನವರು ಆಗಿರಲಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅದರ ಬದಲು ಪರದೆಯ ಚಿತ್ರ, ಅಂದರೆ ಸ್ಕ್ರೀನ್‌ಶಾಟ್, ತೆಗೆದು ಕಳಿಸಲು ಹೇಳಿ. ಅದರಲ್ಲಿ ಇಷ್ಟನ್ನು ಗಮನಿಸಿ. ಮೊದಲ ಪರದೆಯಲ್ಲಿ ಲೇಖನ ಕಂಡಿತೇ, ಅಥವಾ ಇಮೇಲ್ ಕೇಳುವ ಪೆಟ್ಟಿಗೆಯೋ ಜಾಹೀರಾತೋ ಕಂಡಿತೇ? ಶೀರ್ಷಿಕೆ ಎರಡು ಸಾಲಾದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆಯೇ? ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸಗಳಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. 'ರಾಷ್ಟ್ರೀಯ', 'ವೈಶಿಷ್ಟ್ಯ' ಮುಂತಾದ ಪದಗಳ ಬಾಲ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಹೀಗಾದರೆ ವೇದಿಕೆ ಬಿಡಬೇಕಿಲ್ಲ, ಬೇರೆ ಥೀಮ್ ಆರಿಸಿ. ಥೀಮ್ ಎಂದರೆ ಪುಟದ ಒಟ್ಟು ವಿನ್ಯಾಸ.

ಎರಡೂ ಅಂಚಿಗೆ ಸಾಲು ಸಮ ಮಾಡುವ ಜೋಡಣೆಯನ್ನೂ ಬಳಸಬೇಡಿ. ಅಚ್ಚಾದ ಪುಸ್ತಕದಲ್ಲಿ ಅದು ಚೆಂದ. ಫೋನಿನ ಕಿರಿದಾದ ಪರದೆಯಲ್ಲಿ ನಮ್ಮ ಉದ್ದ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಎಡಗಡೆಗೆ ಮಾತ್ರ ಜೋಡಿಸಿ.

ಇಮೇಲ್ ದಾರಿಯವರು ಇನ್ನೊಂದು ಗಮನಿಸಬೇಕು. ಒಂದು ಪತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದು ಓದಲು ಬೇರೆ ಕಡೆ ಒತ್ತಿ ಎನ್ನುತ್ತದೆ. ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, 'ಸ್ತ್ರೀ' ಎಂಬ ಒಂದು ಅಕ್ಷರದೊಳಗೆ ಅಂಥ ಆರು ಚಿಹ್ನೆಗಳಿವೆ. ಹೀಗಾಗಿ ಕನ್ನಡ ಲೇಖನ ಆ ಮಿತಿಯನ್ನು ಬಹು ಬೇಗ ಮುಟ್ಟುತ್ತದೆ. ಸಾವಿರ ಪದದ ಲೇಖನಕ್ಕೆ ತೊಂದರೆಯಿಲ್ಲ. ಮೂರು ಸಾವಿರ ಪದದ ಪ್ರಬಂಧ ಬರೆಯುವವರು ಎರಡು ಕಂತು ಮಾಡಿ.

*ಹೊರಗೆ ತೆಗೆಯುವುದು.* ನಾಳೆ ಈ ವೇದಿಕೆ ಬೇಡವೆನಿಸಿದರೆ ನಿಮ್ಮ ಬರಹ ನಿಮ್ಮ ಕೈಗೆ ಸಿಗಬೇಕು. ಬ್ಲಾಗರ್‌ನಲ್ಲಿ 'Settings' ಒಳಗೆ 'Manage blog' ಅಡಿಯಲ್ಲಿ 'Back up content' ಇದೆ. ವರ್ಡ್‌ಪ್ರೆಸ್‌ನಲ್ಲಿ 'Tools' ಒಳಗೆ 'Export'. ಸಬ್‌ಸ್ಟ್ಯಾಕ್‌ನ 'Settings' ನಲ್ಲೂ 'Export' ಇದೆ, ಅದರಲ್ಲಿ ಚಂದಾದಾರರ ಇಮೇಲ್ ಪಟ್ಟಿಯೂ ಬರುತ್ತದೆ. ಒತ್ತಿದರೆ ಒಂದು ಫೈಲ್ ಇಳಿಯುತ್ತದೆ. ಅದನ್ನು ತೆರೆದರೆ ಚಿಹ್ನೆಗಳ ನಡುವೆ ನಿಮ್ಮ ಬರಹ ಕಾಣುತ್ತದೆ, ಹೆದರಬೇಡಿ. ಅದು ಓದಲು ಮಾಡಿದ್ದಲ್ಲ, ಇನ್ನೊಂದು ವೇದಿಕೆಗೆ ಸಾಗಿಸಲು ಮಾಡಿದ್ದು.

ಎರಡು ಸಂಗತಿ ನೆನಪಿಡಿ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ನ ಈ ಫೈಲುಗಳಲ್ಲಿ ಬರಹ ಇರುತ್ತದೆ, ಚಿತ್ರಗಳು ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಆದ್ದರಿಂದ ಮೂಲ ಚಿತ್ರಗಳನ್ನು ನಿಮ್ಮ ಬಳಿ ಬೇರೆಯಾಗಿ ಇಟ್ಟುಕೊಳ್ಳಿ. ಎರಡನೆಯದು, ಬ್ಲಾಗರ್‌ನಿಂದ ತೆಗೆದ ಫೈಲನ್ನು ವರ್ಡ್‌ಪ್ರೆಸ್ ಡಾಟ್ ಕಾಮ್ ನೇರವಾಗಿ ಸ್ವೀಕರಿಸುತ್ತದೆ. ವರ್ಡ್‌ಪ್ರೆಸ್‌ನದನ್ನು ಬ್ಲಾಗರ್ ಹಾಗೆ ಸ್ವೀಕರಿಸುವುದಿಲ್ಲ. ಯಾವುದೆಂದು ತೀರ್ಮಾನಿಸಲಾಗದೆ ಒದ್ದಾಡುತ್ತಿರುವವರು ಬ್ಲಾಗರ್‌ನಿಂದ ಶುರುಮಾಡುವುದೇ ಮೇಲು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

6. ಒಂದು ಉದಾಹರಣೆ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಶಿಕ್ಷಕಿ ಎಂದಿಟ್ಟುಕೊಳ್ಳಿ. ವಾರಕ್ಕೊಂದು, ಎಂಟುನೂರು ಪದಗಳ ಬರಹ, ಸುತ್ತಲಿನ ಹಕ್ಕಿ ಗಿಡ ಹುಳುಗಳ ಬಗ್ಗೆ. ಪ್ರತಿಯೊಂದಕ್ಕೂ ಫೋನಿನಲ್ಲಿ ತೆಗೆದ ಎರಡು ಚಿತ್ರ. ಓದುಗರಲ್ಲಿ ಬಹುಪಾಲು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನವರು. ಇಮೇಲ್ ಓದುವ ಸಹೋದ್ಯೋಗಿಗಳು ನಾಲ್ಕೈದು ಮಂದಿ.

ಲಿಂಕ್ ದಾರಿ ಹೆಚ್ಚಾದ್ದರಿಂದ ಅವರು ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್ ಎರಡರಲ್ಲೂ ಹಕ್ಕಿಗೂಡಿನ ಲೇಖನ ಹಾಕಿ ನೋಡುತ್ತಾರೆ. ಹಾಕುವುದು ಎರಡರಲ್ಲೂ ಆಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಚಿತ್ರ ಹೆಚ್ಚು ಅಂದವಾಗಿ ಕೂರುತ್ತದೆ. ಫೋನಿನಲ್ಲಿ ತಿದ್ದುವಾಗ ವರ್ಡ್‌ಪ್ರೆಸ್‌ನಲ್ಲಿ ಬೆರಳು ತಾಗಿ ಒಂದು ಬ್ಲಾಕ್ ಮೇಲಕ್ಕೆ ಜರುಗುತ್ತದೆ, ಅದನ್ನು ಮರಳಿ ಸ್ವಸ್ಥಾನಕ್ಕೆ ತರಲು ಅವರಿಗೆ ತಿಳಿಯುವುದಿಲ್ಲ. ಬ್ಲಾಗರ್‌ನಲ್ಲಿ ತಿದ್ದುವುದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ತಲುಪಿಸುವ ಪರೀಕ್ಷೆಯಲ್ಲಿ ವರ್ಡ್‌ಪ್ರೆಸ್ ಪುಟದ ಸ್ಕ್ರೀನ್‌ಶಾಟ್‌ನಲ್ಲಿ ಲೇಖನದ ಕೆಳಗೆ ತೂಕ ಇಳಿಸುವ ಔಷಧದ ಜಾಹೀರಾತು ಇದೆ. ತಮ್ಮ ಹೆಸರಿನ ಕೆಳಗೆ ಅದು ಅವರಿಗೆ ಸುತರಾಂ ಬೇಡ. ಹೊರತೆಗೆಯುವ ಕೆಲಸ ಎರಡರಲ್ಲೂ ಸಲೀಸು.

ಬ್ಲಾಗರ್ ಆರಿಸುತ್ತಾರೆ. ಇಮೇಲ್ ಓದುವ ಆ ನಾಲ್ಕೈದು ಸಹೋದ್ಯೋಗಿಗಳಿಗೆ ಪ್ರತಿ ವಾರ ತಾವೇ ಒಂದು ಪತ್ರದಲ್ಲಿ ಲಿಂಕ್ ಕಳಿಸುತ್ತಾರೆ, ಅಷ್ಟು ಜನಕ್ಕೆ ಬೇರೆ ವ್ಯವಸ್ಥೆ ಬೇಕಿಲ್ಲ. ಅದೇ ಅವರ ಓದುಗರು ಇನ್ನೂರು ಮಂದಿ ಇಮೇಲ್ ಬಳಸುವ ಶಿಕ್ಷಕರಾಗಿದ್ದರೆ ಲೆಕ್ಕ ತಿರುಗುತ್ತಿತ್ತು. ಆಗ ನಾನು ಸಬ್‌ಸ್ಟ್ಯಾಕ್ ಎನ್ನುತ್ತಿದ್ದೆ.

7. ಆರಿಸಿದ ಮೇಲೆ ಒಮ್ಮೆ ಮಾತ್ರ ಮಾಡಬೇಕಾದ ಕೆಲಸಗಳು

ಬ್ಲಾಗರ್ ಎಂದುಕೊಂಡು ಬರೆಯುತ್ತೇನೆ, ಉಳಿದವುಗಳಲ್ಲೂ ಹೆಚ್ಚುಕಡಿಮೆ ಇವೇ ಇವೆ. ಪರದೆಯ ಮೇಲಿನ ಹೆಸರುಗಳು ಕಾಲಕಾಲಕ್ಕೆ ಸ್ವಲ್ಪ ಬದಲಾಗುತ್ತಿರುತ್ತವೆ.

ಈಗ ನಿಜವಾದ ವಿಳಾಸ ಆರಿಸಿ. ಚಿಕ್ಕದಾಗಿರಲಿ, ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಇನ್ನೊಬ್ಬರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಸ್ವಂತ ಡೊಮೇನ್, ಅಂದರೆ `blogspot.com` ಎಂಬ ಬಾಲವಿಲ್ಲದ ನಿಮ್ಮದೇ ವಿಳಾಸ, ಸದ್ಯಕ್ಕೆ ಬೇಡ. ಅದನ್ನು ಆಯಾ ಅವಧಿಗೆ ನವೀಕರಿಸುತ್ತಲೇ ಇರಬೇಕು. ಮರೆತರೆ ಆ ವಿಳಾಸವನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು, ನಿಮ್ಮ ಹಳೆಯ ಲಿಂಕ್‌ಗಳು ಅವರ ಪುಟಕ್ಕೆ ಹೋಗುತ್ತವೆ. ಒಂದು ವರ್ಷ ಬರೆದ ಮೇಲೆ ಬೇಕೆನಿಸಿದರೆ ಆಗ ಕೊಂಡು ಜೋಡಿಸಬಹುದು. ಬ್ಲಾಗರ್ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಾನೇ ಕಳಿಸುತ್ತದೆ.

ಪ್ರತಿಕ್ರಿಯೆಗಳ ವಿಷಯ. 'Who can comment?' ನಲ್ಲಿ ಎಲ್ಲರಿಗೂ ಅವಕಾಶ ಕೊಡಿ, ಗೂಗಲ್ ಖಾತೆಯ ಲಾಗಿನ್ ಗೊತ್ತಿಲ್ಲದವರೂ ಬರೆಯುವಂತಾಗಲಿ. ಅದರ ಜೊತೆಗೇ 'Comment moderation' ಅನ್ನು 'Always' ಮಾಡಿ. ಆಗ ನೀವು ಒಪ್ಪಿದ ಮೇಲೆ ಮಾತ್ರ ಪ್ರತಿಕ್ರಿಯೆ ಕಾಣುತ್ತದೆ. ಮೊದಲನೆಯದು ಮಾಡಿ ಎರಡನೆಯದು ಬಿಟ್ಟರೆ ಕೆಲವೇ ವಾರಗಳಲ್ಲಿ "ನಿಮ್ಮ ಲೇಖನ ಅದ್ಭುತ" ಎಂದು ಹೊಗಳಿ ಕೆಳಗೆ ಯಾವುದೋ ಸರಕಿನ ಲಿಂಕ್ ಹಾಕಿದ ಪ್ರತಿಕ್ರಿಯೆಗಳು ತುಂಬುತ್ತವೆ. ಲಿಂಕ್ ಇರುವ ಅಪರಿಚಿತರ ಹೊಗಳಿಕೆಯನ್ನು ಒಪ್ಪಬೇಡಿ.

ಅಕ್ಷರಶೈಲಿ ಬದಲಿಸುವ ಪಟ್ಟಿಯ ಮೇಲೆ ಸಮಯ ಕಳೆಯಬೇಡಿ. ಅಲ್ಲಿರುವ ಹೆಚ್ಚಿನ ಶೈಲಿಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಯಾವುದನ್ನು ಆರಿಸಿದರೂ ಓದುಗರ ಫೋನಿನಲ್ಲಿರುವ ಕನ್ನಡ ಶೈಲಿಯೇ ಕಾಣುತ್ತದೆ. ಗಾತ್ರ ಮಾತ್ರ ಸ್ವಲ್ಪ ಹೆಚ್ಚಿಸಿ.

ನಿಯಮಿತವಾಗಿ ಬರೆಯಬೇಕು ಎನ್ನುವವರಿಗೆ ಉಪಯೋಗವಾಗುವ ಒಂದು ಸೌಲಭ್ಯ 'Published on'. ಅಲ್ಲಿ ಮುಂದಿನ ದಿನಾಂಕ, ಸಮಯ ಕೊಟ್ಟು 'Publish' ಒತ್ತಿದರೆ ಲೇಖನ ಆ ಹೊತ್ತಿಗೆ ತಾನಾಗಿ ಪ್ರಕಟವಾಗುತ್ತದೆ. ಬರೆಯುವ ಹುಮ್ಮಸ್ಸು ಇದ್ದ ವಾರ ಎರಡು ಬರೆದು ಒಂದನ್ನು ಮುಂದಿನ ವಾರಕ್ಕೆ ಇಡಬಹುದು. ಇದನ್ನು ಬಳಸುವ ಮೊದಲು 'Settings' ನಲ್ಲಿ 'Time zone' ನಿಮ್ಮ ಊರಿನ ಸಮಯಕ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಬೆಳಗ್ಗೆ ಬರಬೇಕಾದ್ದು ಮಧ್ಯರಾತ್ರಿ ಬರುತ್ತದೆ. ಲಿಂಕ್ ಹಂಚುವ ಕೆಲಸ ಮಾತ್ರ ನೀವೇ ಮಾಡಬೇಕು.

ಇನ್ನು ಉಳಿದದ್ದು ಎರಡನೆಯ ಕೀಲಿ. ನಿಮ್ಮ ಫೋನ್ ಕಳೆದರೆ, ಖಾತೆ ಕೈತಪ್ಪಿದರೆ ಬ್ಲಾಗ್ ತೆರೆಯಲು ಮನೆಯ ಇನ್ನೊಬ್ಬರಿಗೆ ಸಾಧ್ಯವಾಗಬೇಕು. ಅದಕ್ಕಾಗಿ ಪಾಸ್‌ವರ್ಡ್ ಹಂಚಬೇಡಿ. 'Permissions' ನಲ್ಲಿ 'Invite more authors' ಒತ್ತಿ ಅವರ ಇಮೇಲ್ ಕೊಡಿ, ಅವರು ಒಪ್ಪಿದ ಮೇಲೆ 'Admin' ಮಾಡಿ. ಹಾಗೆಯೇ ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ. ಗೂಗಲ್ ಖಾತೆಯ 'Inactive Account Manager' ನಲ್ಲಿ ನಂಬಿಕೆಯ ಒಬ್ಬರ ಹೆಸರು ಕೊಟ್ಟರೆ, ನೀವು ನಿಗದಿಪಡಿಸಿದಷ್ಟು ತಿಂಗಳು ಖಾತೆ ಸುಮ್ಮನಿದ್ದಾಗ ಅವರಿಗೆ ಸೂಚನೆ ಹೋಗುತ್ತದೆ. ಅವರಿಗೆ ಯಾವ ಯಾವ ಮಾಹಿತಿ ಸಿಗಬೇಕೆಂದು ಕೇಳುವ ಪಟ್ಟಿಯಲ್ಲಿ ಬ್ಲಾಗರ್ ಅನ್ನೂ ಗುರುತು ಮಾಡಿ.

ಕಡೆಯದಾಗಿ, ಪರೀಕ್ಷೆಗೆಂದು ತೆರೆದ ಎರಡೂ ಬ್ಲಾಗ್‌ಗಳನ್ನು ಅಳಿಸಿ. ಇಲ್ಲದಿದ್ದರೆ ಗೂಗಲ್‌ನಲ್ಲಿ ನಿಮ್ಮನ್ನು ಹುಡುಕಿದ ವಿದ್ಯಾರ್ಥಿಗೆ ಒಂದೇ ಲೇಖನವಿರುವ ಆ ಪುಟವೇ ಮೊದಲು ಸಿಕ್ಕು, ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳುತ್ತಾರೆ.